ಈ ವರ್ಷದ ಹೊಸ ಗಿರಾಕಿಗಳು ನಿಲ್ಲುತ್ತಿಲ್ಲವೇ?

ಪ್ರಶ್ನೆ: ಬಸವನಗುಡಿಯಲ್ಲಿ ನಮ್ಮದೊಂದು ಕಾಫಿಪುಡಿ ಅಂಗಡಿ ಇದೆ. ಕಳೆದ ವರ್ಷ ಹೊಸದಾಗಿ ಬಂದವರಲ್ಲಿ ನೂರಕ್ಕೆ 48 ಜನ ಮತ್ತೆ ಬಂದಿದ್ದಾರೆ. ಈ ವರ್ಷದವರಲ್ಲಿ 31 ಜನ ಅಷ್ಟೇ. ಈಗ ಬರುವವರು ಕಾಯಂ ಆಗುತ್ತಿಲ್ಲ ಅಂತಲಾ?

ಈ ಲೆಕ್ಕದಿಂದ ಹಾಗೆ ಹೇಳೋಕಾಗಲ್ಲ. ಇವತ್ತು ಸೆಪ್ಟೆಂಬರ್ 30 ಅಂದುಕೊಳ್ಳಿ. ಕಳೆದ ವರ್ಷ ಜನವರಿಯಲ್ಲಿ ಬಂದವರಿಗೆ ಮತ್ತೆ ಬರಲು ಇಪ್ಪತ್ತು ತಿಂಗಳು ಸಿಕ್ಕಿದೆ. ಮೊನ್ನೆ ಬಂದವರ ಮನೆಯಲ್ಲಿ ಮೊದಲ ಪೊಟ್ಟಣವೇ ಮುಗಿದಿಲ್ಲ. ಇಬ್ಬರಿಗೂ ಸಮ ಸಮಯ ಕೊಡಬೇಕು ಅಲ್ವಾ?

ಕೊಹಾರ್ಟ್ ಲೆಕ್ಕ ಮಾಡುವುದು ಇದನ್ನೇ. ಮೊದಲ ಬಿಲ್ ಆದ ತಿಂಗಳ ಪ್ರಕಾರ ಗಿರಾಕಿಗಳನ್ನು ಗುಂಪು ಮಾಡಿ, ಪ್ರತಿಯೊಬ್ಬರನ್ನೂ ಅವರವರ ಮೊದಲ ಬಿಲ್‌ನಿಂದ 90 ದಿನ ಮಾತ್ರ ನೋಡಬೇಕು. ಕಾಫಿಪುಡಿಗೆ 90 ದಿನ ಸಾಕು, ಸೀರೆ ಅಂಗಡಿಯಾದರೆ ಒಂದು ವರ್ಷವಾದರೂ ಬೇಕು. ಶೀಟಿನಲ್ಲಿ A ಕಾಲಂ ಬಿಲ್ ದಿನಾಂಕ, B ಫೋನ್ ನಂಬರ್ ಆಗಿದ್ದರೆ ಮೊದಲ ಬಿಲ್‌ನ ದಿನ ಹೀಗೆ ಸಿಗುತ್ತದೆ:

```
=MINIFS(A:A, B:B, B2)
```

ಅದೇ ದಿನದ ಎರಡನೇ ಬಿಲ್ ಎಣಿಸಬೇಡಿ. ಮರೆತ ಫಿಲ್ಟರ್ ಕೊಳ್ಳಲು ವಾಪಸ್ ಬಂದವರು ಅವರು. ಜುಲೈನಿಂದ ಈಚೆಗೆ ಬಂದವರನ್ನೂ ಬಿಡಿ, ಆ ತಿಂಗಳುಗಳಿಗೆ 90 ದಿನ ಪೂರ್ತಿ ತುಂಬಿಲ್ಲ. ಕಳೆದ ವರ್ಷದ್ದೂ ಜನವರಿಯಿಂದ ಜೂನ್‌ವರೆಗೆ ಮಾತ್ರ ತೆಗೆದುಕೊಳ್ಳಿ. ಇಲ್ಲದಿದ್ದರೆ ದೀಪಾವಳಿ ಗಿಫ್ಟಿಗೆ ಅಂತ ಒಂದೇ ಸಲ ಕೊಂಡವರು ಒಂದು ಕಡೆ ಮಾತ್ರ ಸೇರಿಕೊಳ್ಳುತ್ತಾರೆ.

ಹೀಗೆ ಸೋಸಿದ ಮೇಲೆ ಕಳೆದ ವರ್ಷ 400ರಲ್ಲಿ 112 ಜನ, ಈ ವರ್ಷ 500ರಲ್ಲಿ 165 ಜನ ಮರಳಿದ್ದಾರೆ ಅನ್ನೋಣ. ಅಂದರೆ ನೂರಕ್ಕೆ 28 ಮತ್ತು 33. ಚಿತ್ರವೇ ತಿರುಗಿತು! ಆದರೂ ಈಗಲೇ ಹಿಗ್ಗಬೇಡಿ. ಇಷ್ಟು ಜನರ ಲೆಕ್ಕದಲ್ಲಿ ಆರು ಅಂಕದವರೆಗಿನ ವ್ಯತ್ಯಾಸ ಸುಮ್ನೆ ಆಕಸ್ಮಿಕವಾಗಿಯೂ ಬರಬಹುದು. ಇಲ್ಲಿರುವುದು ಐದು. ಈ ವರ್ಷದವರು ಕಡಿಮೆಯೇನಲ್ಲ ಅನ್ನಬಹುದು, ಜಾಸ್ತಿ ಕಾಯಂ ಅಂತ ಇನ್ನೂ ಹೇಳುವಂತಿಲ್ಲ.

ನನಗೆ ಇದಕ್ಕಿಂತ ಹೆಚ್ಚು ಚಿಂತೆ ಫೋನ್ ನಂಬರ್‌ಗಳದ್ದು. ಸಂಜೆ ಸಾಲು ಉದ್ದವಾದಾಗ ಕೌಂಟರಿನ ಹುಡುಗ ನಂಬರ್ ಕೇಳದೆ 9999999999 ಒತ್ತಿಬಿಡುತ್ತಾನೆ. ಆ ನಂಬರಿನ ಬಿಲ್‌ಗಳೆಲ್ಲ ಒಬ್ಬನದೇ ಆಗುತ್ತವೆ, ಆ ಹೊತ್ತಿಗೆ ಮರಳಿ ಬಂದ ನಿಜವಾದ ಗಿರಾಕಿ ಲೆಕ್ಕದಿಂದ ಬಿದ್ದುಹೋಗುತ್ತಾರೆ. ಒಂದೇ ದಿನ ಹತ್ತು ಬಿಲ್ ಇರುವ ನಂಬರ್‌ಗಳನ್ನು ಹುಡುಕಿ ತೆಗೆಯಿರಿ.

ಕಳೆದ ವರ್ಷವೇ ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಸಿದ್ದರೆ ಇನ್ನೊಂದು ತೊಡಕಿದೆ. ಹತ್ತು ವರ್ಷದಿಂದ ಬರುತ್ತಿರುವ ಅಜ್ಜನೂ ಆ ಜನವರಿಯಲ್ಲಿ 'ಹೊಸಬ' ಅಂತ ದಾಖಲಾಗಿರುತ್ತಾರೆ, ಅವರು ಮತ್ತೆ ಬಂದೇ ಬರುತ್ತಾರೆ. ಮೊದಲ ಎರಡು ತಿಂಗಳಲ್ಲಿ ಹೊಸಬರೂ ಮರಳಿದವರೂ ಎದ್ದು ಕಾಣುವಷ್ಟು ಜಾಸ್ತಿ ಇದ್ದರೆ, ಎರಡೂ ವರ್ಷಗಳಿಂದ ಆ ತಿಂಗಳುಗಳನ್ನು ಬಿಟ್ಟು ಮತ್ತೆ ಲೆಕ್ಕ ಹಾಕಿ. ಅಕ್ಟೋಬರ್ 29ಕ್ಕೆ ಜುಲೈ ಗುಂಪಿಗೂ 90 ದಿನ ತುಂಬುತ್ತದೆ. ಆಗ ಅದನ್ನೂ ಸೇರಿಸಬಹುದು.