ಖಾಲಿ ಪರಸಿಯ ಇನ್ನೊಂದು ಫೋಟೊ

ಬಿದರಿ ಹೂಜಿಯ ಫೋಟೊದಲ್ಲಿ ಹೂಜಿಯಷ್ಟೇ ಉಳಿದು ಹಿಂದಿನದೆಲ್ಲ ಹೋಗಬೇಕು ಅಂದರೆ ಅಂಚಿನುದ್ದಕ್ಕೂ ಮೌಸ್ ಎಳೆಯುತ್ತ ಕೂರಬೇಕಿಲ್ಲ. ಹೂಜಿ ಇಟ್ಟು ಒಂದು ಫೋಟೊ, ಅದನ್ನು ಎತ್ತಿ ಖಾಲಿ ಜಾಗದ ಇನ್ನೊಂದು ಫೋಟೊ ತೆಗೆಯಿರಿ. ಎರಡನ್ನೂ ಪಿಕ್ಸೆಲ್‌ಗೆ ಪಿಕ್ಸೆಲ್ ಹೋಲಿಸಿ, ಬದಲಾಗದ್ದನ್ನೆಲ್ಲ ಅಳಿಸಿದರೆ ಹೂಜಿ ಉಳಿಯುತ್ತದೆ.

ಹೂಜಿಯ ಕೆಳಗೂ ಹಿಂದೂ ಶಹಾಬಾದ್ ಪರಸಿ ಕಲ್ಲು ಇದೆ ಎನ್ನೋಣ. 0ರಿಂದ 255ರ ಅಳತೆಯಲ್ಲಿ ಕಲ್ಲಿನ ಬೂದು 120, ಬಿದರಿಯ ಕಪ್ಪು 30 ಇದ್ದರೆ ವ್ಯತ್ಯಾಸ 90. ಕೆಂಪು, ಹಸಿರು, ನೀಲಿ ಮೂರರಲ್ಲಿ ಹೆಚ್ಚು ಬದಲಾದದ್ದನ್ನೇ ಲೆಕ್ಕಕ್ಕೆ ಹಿಡಿಯುತ್ತೇವೆ. ಎರಡು ಫೋಟೊಗಳನ್ನು hooji, khali ಎಂದು ಓದಿಕೊಂಡಿದ್ದರೆ, ಪೈಥಾನ್‌ನ OpenCV ಲೈಬ್ರರಿಯಲ್ಲಿ (cv2) ಅದು ಹೀಗೆ:

```python
d = cv2.absdiff(hooji, khali).max(axis=2)
mask = (d > 18).astype("uint8") * 255
```

ಈ 18 ಊಹೆಯಿಂದ ಬರಬಾರದು. ಖಾಲಿ ಕಲ್ಲಿನದೇ ಎರಡು ಫೋಟೊ ತೆಗೆದು ಒಂದರಿಂದೊಂದು ಕಳೆಯಿರಿ. ಸೆನ್ಸರ್‌ನ ಗದ್ದಲದಿಂದ ಅಲ್ಲಲ್ಲಿ 5, 8, ಒಮ್ಮೊಮ್ಮೆ 14 ಕಾಣುತ್ತದೆ; ಮಿತಿ ಅದಕ್ಕಿಂತ ತುಸು ಮೇಲಿರಲಿ. ಇಡೀ ಚಿತ್ರವೇ 20ರಷ್ಟು ಬದಲಾಗಿದ್ದರೆ ಅದು ಗದ್ದಲವಲ್ಲ, ಬೆಳಕಿನ ಲೆಕ್ಕ ತಪ್ಪಿದೆ. ಕಲ್ಲಿನ ಬಿರುಕುಗಳ ಪಕ್ಕ ತೆಳ್ಳನೆಯ ಜೋಡಿ ಗೆರೆ ಮೂಡಿದ್ದರೆ ಕ್ಯಾಮೆರಾ ಅಲುಗಾಡಿದೆ.

ಬೆಳಕಿನ ಲೆಕ್ಕ ತಪ್ಪುವುದು ಬಹುಪಾಲು ಆಟೊದಿಂದ. ಕಪ್ಪು ಹೂಜಿ ಎತ್ತಿದ ಕೂಡಲೇ ನೋಟ ಬೆಳ್ಳಗಾಗುತ್ತದೆ, ಫೋನು ತಾನೇ ಅದನ್ನು ಮಬ್ಬಾಗಿಸುತ್ತದೆ, 120 ಇದ್ದ ಕಲ್ಲು 105ಕ್ಕೆ ಇಳಿಯುತ್ತದೆ. ಆದ್ದರಿಂದ ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್, ಫೋಕಸ್ ಮೂರನ್ನೂ ಲಾಕ್ ಮಾಡಿ, ಟ್ರೈಪಾಡ್ ಮೇಲಿಟ್ಟು, 2 ಸೆಕೆಂಡಿನ ಟೈಮರ್ ಹಾಕಿ. ಹಳೆಯ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಅದರಡಿ ಶಟರ್ 1/50 ಇಟ್ಟರೆ ಎರಡೂ ಫೋಟೊಗೆ ಒಂದೇ ಬೆಳಕು ಬೀಳುತ್ತದೆ.

ಇಷ್ಟಾದರೂ ಬಿದರಿ ಕೈಕೊಡುವುದು ಅದರ ಚೆಲುವು ಇರುವ ಕಡೆಯೇ. ಬೆಳ್ಳಿಯ ಕುಸುರಿ ಸುತ್ತಲಿನ ಕಲ್ಲನ್ನು ಪ್ರತಿಫಲಿಸಿ ತಾನೂ 120ರ ಬೂದಾಗಿಬಿಡುತ್ತದೆ. ವ್ಯತ್ಯಾಸ ಸೊನ್ನೆ, ಹೂಬಳ್ಳಿಯ ಜಾಗದಲ್ಲೆಲ್ಲ ತೂತು! ಹೊರ ಅಂಚು ಹಿಡಿದು ಒಳಗಿನದನ್ನೆಲ್ಲ ತುಂಬಿಸಿದರೆ ಕುಸುರಿ ಮರಳಿ ಬರುತ್ತದೆ, ಆದರೆ ಹಿಡಿಯ ನಡುವಿನ ನಿಜವಾದ ಸಂದಿಯೂ ಮುಚ್ಚಿಹೋಗುತ್ತದೆ. ಹಾಗಾಗಿ ಸಣ್ಣ ತೂತುಗಳನ್ನಷ್ಟೇ ತುಂಬಬೇಕು. ಹಿಡಿಯ ಸಂದಿ 9000 ಪಿಕ್ಸೆಲ್, ಕುಸುರಿಯ ಅತಿ ದೊಡ್ಡ ತೂತು 600 ಇದ್ದರೆ 1000ದವರೆಗೆ ತುಂಬಿ ನಿಲ್ಲಿಸಿ.

ಉಳಿಯುವುದು ನೆರಳು. ಅದೂ ಬದಲಾವಣೆಯೇ ಆದ್ದರಿಂದ ಹೂಜಿಯ ಜತೆಗೇ ಅಂಟಿಕೊಂಡು ಬರುತ್ತದೆ. ತಿಳಿ ನೆರಳಿನಲ್ಲಿ ಮೂರೂ ಬಣ್ಣ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇಳಿಯುತ್ತವೆ: 120, 115, 105 ಇದ್ದದ್ದು 84, 80, 73 ಆಗುತ್ತದೆ, ಅಂದರೆ 0.7 ಪಾಲು. ಬಿದರಿಯ ಕಪ್ಪಾದರೋ 0.25ಕ್ಕೆ ಕುಸಿಯುತ್ತದೆ. ಮೂರೂ 0.5ರಿಂದ 0.9ರ ನಡುವೆ ಒಟ್ಟಿಗೆ ಇಳಿದ ಕಡೆ ನೆರಳೆಂದು ತೆಗೆದುಹಾಕಬಹುದು. ಇದನ್ನು ತೂತು ತುಂಬುವ ಮೊದಲೇ ಮಾಡಿ, ಏಕೆಂದರೆ ಕುಸುರಿಯ ಮಬ್ಬು ಭಾಗವೂ ಇದರಲ್ಲಿ ಒಂದಿಷ್ಟು ಹೋಗುತ್ತದೆ. ಹೂಜಿಯ ತಳ ಕಲ್ಲಿಗೆ ತಾಗುವಲ್ಲಿ ಮಾತ್ರ ನೆರಳೂ ಬಿದರಿಯಷ್ಟೇ ಕಪ್ಪು. ಆ ಬೆರಳಗಲದ ಗೆರೆಯನ್ನು ಕೈಯಿಂದಲೇ ಬಿಡಿಸಬೇಕು.