ಒಪ್ಪಿಗೆ ಪತ್ರದಲ್ಲಿ ಫೋನ್ ನಂಬರ್ ಇತ್ತು, ಎತ್ತುವವರು ಇರಲಿಲ್ಲ

ಒಂಬತ್ತು ವರ್ಷದ ಹುಡುಗಿ ರಜೆಗೆ ಚಿಕ್ಕಮ್ಮನ ಜೊತೆ ಬೇರೆ ದೇಶಕ್ಕೆ ಹೊರಟಿದ್ದಳು. ಕೈಯಲ್ಲಿ ಒಪ್ಪಿಗೆ ಪತ್ರವೂ ಇತ್ತು, ಅದರ ಮೇಲೆ ನೋಟರಿ ಮುದ್ರೆಯೂ ಇತ್ತು. ಆದರೂ ಇಳಿದ ಮೇಲೆ ಇಬ್ಬರನ್ನೂ ಪಕ್ಕದ ಕೋಣೆಯಲ್ಲಿ ಎರಡು ಗಂಟೆ ಕೂರಿಸಿದರು. ಆಮೇಲೆ ಆ ಪತ್ರ ನನ್ನ ಕಚೇರಿಗೆ ಬಂತು. ಅದರಲ್ಲಿ ಇದ್ದದ್ದು ಒಂದೇ ಸಾಲು: 'ನನ್ನ ಮಗಳು ನನ್ನ ತಂಗಿಯ ಜೊತೆ ವಿದೇಶಕ್ಕೆ ಹೋಗಲು ನನ್ನ ಒಪ್ಪಿಗೆ ಇದೆ.' ಕೆಳಗೆ ತಾಯಿಯ ಸಹಿ, ಒಂದು ಫೋನ್ ನಂಬರ್.

ಗಡಿಯ ಅಧಿಕಾರಿ ಮಗುವನ್ನು ನೋಡಿದಾಗ ತಿಳಿಯಬೇಕಾದದ್ದು ಮೂರೇ ವಿಷಯ. ಇವರು ಮಗುವಿಗೆ ಏನಾಗಬೇಕು? ಮಗುವಿನ ಮೇಲೆ ಹಕ್ಕಿರುವ ಉಳಿದವರಿಗೆ ಈ ಪ್ರಯಾಣ ಗೊತ್ತಿದೆಯಾ? ಮಗು ಯಾವಾಗ ವಾಪಸ್ ಹೋಗುತ್ತೆ? ಅಪ್ಪ ಅಮ್ಮನ ಜಗಳದಲ್ಲಿ ಒಬ್ಬರು ಮಗುವನ್ನು ಗಡಿ ದಾಟಿಸಿ ಅಲ್ಲೇ ಇಟ್ಟುಕೊಳ್ಳುವುದು ನಿಜವಾಗಿ ನಡೆಯುತ್ತದೆ. ಅಂಥ ಮಕ್ಕಳನ್ನು ವಾಪಸ್ ಕರೆಸಲೆಂದೇ 1980ರ ಹೇಗ್ ಒಪ್ಪಂದ ಇದೆ. ಹಾಗಾಗಿ ಈ ಪ್ರಶ್ನೆಗಳನ್ನು ಅನುಮಾನ ಅಂತ ಬೇಸರ ಮಾಡಿಕೊಳ್ಳಬೇಡಿ.

ಆ ಒಂದು ಸಾಲಿನಲ್ಲಿ ಮೂರಕ್ಕೂ ಉತ್ತರ ಇರಲಿಲ್ಲ. ತಂದೆಯ ಹೆಸರು, ಸಹಿ ಇಲ್ಲ. ತಾರೀಖಿಲ್ಲ, ದೇಶದ ಹೆಸರಿಲ್ಲ. ಚಿಕ್ಕಮ್ಮನ ಹೆಸರೂ ಇಲ್ಲ, ಸುಮ್ನೆ 'ತಂಗಿ' ಅಂತ ಇದೆ. ಅಧಿಕಾರಿ ಮಗುವನ್ನೇ 'ಇವರು ಯಾರು?' ಅಂತ ಕೇಳಿದರು. ಮನೆಯಲ್ಲಿ ಪ್ರೀತಿಯಿಂದ ಚಿಕ್ಕಮ್ಮನನ್ನೂ ಹಾಗೇ ಕರೆಯುವ ಹುಡುಗಿ 'ಅಮ್ಮ' ಅಂದುಬಿಟ್ಟಳು. ಪತ್ರದಲ್ಲಿರುವ ಅಮ್ಮನ ಹೆಸರು ಬೇರೆ! ತಾಯಿಗೆ ಫೋನ್ ಮಾಡಿದರೆ ಅಲ್ಲಿ ನಡುರಾತ್ರಿ, ಫೋನ್ ಸೈಲೆಂಟ್. ಕೊನೆಗೆ ತಂದೆಯ ನಂಬರ್ ಹುಡುಕಿ, ಅವರು ಎತ್ತಿ ಮಾತಾಡಿದ ಮೇಲೆ ಬಿಟ್ಟರು.

ನೋಟರಿ ಮುದ್ರೆ ಇದ್ದೂ ಹೀಗೇಕಾಯಿತು ಅಂತ ತಾಯಿ ಕೇಳಿದರು. ನೋಟರಿ ಹೇಳುವುದು ಇಷ್ಟೇ: ಈ ವ್ಯಕ್ತಿ ಗುರುತು ತೋರಿಸಿ ನನ್ನ ಎದುರಿಗೆ ಸಹಿ ಹಾಕಿದರು. ಒಳಗೆ ಬರೆದದ್ದು ಸಾಕಾ, ಸರಿಯಾ ಅಂತ ಅವರು ಹೇಳುವುದಿಲ್ಲ. ಹಾಗಂತ ಮುದ್ರೆ ಬೇಡ ಅನ್ನುತ್ತಿಲ್ಲ. ಸಹಿ ನಕಲಿ ಅನ್ನುವ ಅನುಮಾನವನ್ನು ಅದು ತೆಗೆಯುತ್ತದೆ.

ಮುಂದಿನ ಸಲಕ್ಕೆ ನಾವು ಬರೆದ ಪತ್ರ ಒಂದು ಪುಟ. ಮಗುವಿನ ಹೆಸರು ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ, ಹುಟ್ಟಿದ ತಾರೀಖು, ಪಾಸ್‌ಪೋರ್ಟ್ ನಂಬರ್. ಚಿಕ್ಕಮ್ಮನದೂ ಅದೇ ರೀತಿ, ಜೊತೆಗೆ 'ತಾಯಿಯ ಒಡಹುಟ್ಟಿದ ತಂಗಿ' ಅಂತ ಬಿಡಿಸಿ. ಹೋಗುವ ದಿನ, ಬರುವ ದಿನ, ನಡುವೆ ವಿಮಾನ ಬದಲಿಸುವ ದೇಶ, ಉಳಿಯುವ ವಿಳಾಸ. ಮಗುವಿಗೆ ಹುಷಾರು ತಪ್ಪಿದರೆ ಚಿಕಿತ್ಸೆಗೆ ಒಪ್ಪಲು ಚಿಕ್ಕಮ್ಮನಿಗೆ ಅಧಿಕಾರ ಇದೆ ಅಂತ ಬೇರೆಯೇ ಒಂದು ವಾಕ್ಯ. ತಂದೆ ತಾಯಿ ಇಬ್ಬರ ಸಹಿ, ಇಬ್ಬರ ನಂಬರ್. ಇದೆಲ್ಲ ಅಲ್ಲಿನ ಅಧಿಕಾರಿ ಓದಬಲ್ಲ ಭಾಷೆಯಲ್ಲಿ. ಜೊತೆಗೆ ಮಗುವಿನ ಜನನ ಪ್ರಮಾಣಪತ್ರ ಮತ್ತು ಇಬ್ಬರ ಪಾಸ್‌ಪೋರ್ಟ್ ಪ್ರತಿ.

ತಾಯಿ ಅಥವಾ ತಂದೆ ಒಬ್ಬರೇ ಕರೆದುಕೊಂಡು ಹೋದರೆ ಪತ್ರ ಇನ್ನೊಬ್ಬರದ್ದು. ಮಗುವಿನ ಮತ್ತು ತಾಯಿಯ ಅಡ್ಡಹೆಸರು ಬೇರೆ ಇದ್ದರೆ ಜನನ ಪ್ರಮಾಣಪತ್ರ ಚೀಲದ ಅಡಿಯಲ್ಲಿ ಅಲ್ಲ, ಕೈಯಲ್ಲೇ ಇರಲಿ. ಇನ್ನೊಬ್ಬರು ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ, ಮಗುವಿನ ಪೂರ್ತಿ ಜವಾಬ್ದಾರಿಯನ್ನು ಕೋರ್ಟ್ ನಿಮಗೇ ಕೊಟ್ಟಿದ್ದರೆ ಆ ಆದೇಶದ ಪ್ರತಿ. ಇನ್ನೊಬ್ಬರು ಸಹಿ ಹಾಕಲು ಒಪ್ಪದಿದ್ದರೆ ಪತ್ರದಿಂದ ದಾರಿ ಇಲ್ಲ. ಟಿಕೆಟ್ ತೆಗೆಯುವ ಮೊದಲೇ ಕೋರ್ಟಿನ ಅನುಮತಿ ಕೇಳಬೇಕು, ಅದಕ್ಕೆ ವಾರಗಟ್ಟಲೆ ಹಿಡಿಯಬಹುದು.

ಇಳಿಯುವ ಕಡೆ ಮಾತ್ರ ಕೇಳುತ್ತಾರೆ ಅಂದುಕೊಳ್ಳಬೇಡಿ. ಹೊರಡುವ ದೇಶವೂ ತಡೆಯಬಹುದು. ಬ್ರೆಜಿಲ್‌ನ ಮಗು ಒಬ್ಬರೇ ಪಾಲಕರ ಜೊತೆ ದೇಶ ಬಿಡಬೇಕಾದರೆ ಇನ್ನೊಬ್ಬರ ಸಹಿ ದೃಢೀಕರಿಸಿದ ಒಪ್ಪಿಗೆ ಬೇಕು. ಫ್ರಾನ್ಸಿನಲ್ಲಿ ನೆಲೆಸಿದ ಮಗು ಅಪ್ಪ ಅಮ್ಮ ಇಬ್ಬರೂ ಇಲ್ಲದೆ ಹೊರಗೆ ಹೋದರೆ, 2017ರಿಂದ ಸರ್ಕಾರದ್ದೇ ಒಂದು ಫಾರಂ ತುಂಬಬೇಕು. ಕೆನಡಾದಲ್ಲಿ ಕಾನೂನಿನ ಕಡ್ಡಾಯ ಇಲ್ಲ, ಆದರೆ ಪತ್ರ ಇಟ್ಟುಕೊಳ್ಳಿ ಅಂತ ಸರ್ಕಾರವೇ ಹೇಳುತ್ತದೆ. ಹೊರಡುವ ದೇಶ, ಇಳಿಯುವ ದೇಶ ಎರಡರ ನಿಯಮವನ್ನೂ ನೋಡಿಯೇ ಪತ್ರ ಬರೆಯಿರಿ.

ಮಗುವಿಗೆ ಉತ್ತರ ಬಾಯಿಪಾಠ ಮಾಡಿಸಬೇಡಿ. ಬಾಯಿಪಾಠದ ಉತ್ತರ ಕೇಳಿದರೆ ಅನುಮಾನ ಜಾಸ್ತಿ ಆಗುತ್ತದೆ. ಯಾರ ಜೊತೆ, ಎಲ್ಲಿಗೆ, ಎಷ್ಟು ದಿನ ಅನ್ನುವುದು ಮಗುವಿಗೆ ನಿಜವಾಗಿ ಗೊತ್ತಿದ್ದರೆ ಸಾಕು. ಆ ಹುಡುಗಿ ಎರಡನೇ ಸಲ 'ಇವರು ನನ್ನ ಚಿಕ್ಕಮ್ಮ, ನಾನು ಅಮ್ಮ ಅಂತ ಕರೀತೀನಿ' ಅಂದಳಂತೆ. ಆ ರಾತ್ರಿ ಅವಳ ತಾಯಿ ಫೋನಿನ ಗಂಟೆ ಜೋರಾಗಿಟ್ಟು ಎಚ್ಚರವಾಗಿಯೇ ಕೂತಿದ್ದರು. ಫೋನ್ ಬರಲಿಲ್ಲ.