ಪೂರೈಕೆದಾರರ ಅಂಕಪಟ್ಟಿ: ಮೂರು ಅಳತೆಗಳನ್ನು ಒಂದು ಶ್ರೇಯಾಂಕಕ್ಕೆ ತರುವ ಬಗೆ

ಶಿವಮೊಗ್ಗದ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಎರಕದ ಬಿಡಿಭಾಗಗಳನ್ನು ಕೊಂಡು, ಮಷೀನಿಂಗ್ ಮಾಡಿ ಮಾರುವ ಒಂದು ಘಟಕವನ್ನು ಕಲ್ಪಿಸಿಕೊಳ್ಳೋಣ. ಅದಕ್ಕೆ ಕಾಸ್ಟಿಂಗ್ ಒದಗಿಸುವ ಫೌಂಡ್ರಿಗಳಲ್ಲಿ ಯಾರಿಗೆ ಮುಂದಿನ ಆದೇಶದ ದೊಡ್ಡ ಪಾಲು ಕೊಡಬೇಕೆಂಬುದನ್ನು ನಿರ್ಧರಿಸಲು ಖರೀದಿ ವಿಭಾಗವು ಮೂರು ಸಂಗತಿಗಳನ್ನು ನೋಡುತ್ತದೆ: ಹೇಳಿದ ದಿನಕ್ಕೆ ಸರಕು ಬಂದಿತೇ, ಬಂದದ್ದರಲ್ಲಿ ಎಷ್ಟು ತಿರಸ್ಕೃತವಾಯಿತು, ಒಪ್ಪಿದ ಬೆಲೆಗಿಂತ ಎಷ್ಟು ಹೆಚ್ಚು ಅಥವಾ ಕಡಿಮೆ ತೆತ್ತೆವು. ಅಭ್ಯಾಸಕ್ಕಾಗಿ ನಾನು ಕಟ್ಟಿಕೊಂಡ ಜೂನ್‌ನಿಂದ ಆಗಸ್ಟ್‌ವರೆಗಿನ ಅಂಕಿಗಳು ಇವು. ಫೌಂಡ್ರಿಗಳಿಗೆ ನಮ್ಮ ಕಾಡಿನ ಮರಗಳ ಹೆಸರಿಟ್ಟಿದ್ದೇನೆ.

| ಪೂರೈಕೆದಾರ | ಸಕಾಲ ಪೂರೈಕೆ (%) | ತಿರಸ್ಕಾರ (%) | ಬೆಲೆ ವ್ಯತ್ಯಾಸ (%) |
|---|---|---|---|
| ಹೊನ್ನೆ | 90 | 3 | +1 |
| ನೇರಳೆ | 80 | 1 | +2 |
| ಬೀಟೆ | 95 | 5 | −2 |

ಈ ಮೂರನ್ನು ಹಾಗೆಯೇ ಕೂಡಿಸಲು ಬರುವುದಿಲ್ಲ. ಮೊದಲನೆಯದು ಹೆಚ್ಚಾದಷ್ಟೂ ಒಳ್ಳೆಯದು, ಉಳಿದೆರಡು ಕಡಿಮೆಯಾದಷ್ಟೂ ಒಳ್ಳೆಯದು. ಸಕಾಲ ಪೂರೈಕೆಯಲ್ಲಿ 5 ಅಂಶಗಳ ಅಂತರ ಸಾಮಾನ್ಯವಾದರೆ, ತಿರಸ್ಕಾರದಲ್ಲಿ ಅಷ್ಟೇ ಅಂತರವು ದೊಡ್ಡ ಅನಾಹುತ. ಆದುದರಿಂದ ಮೊದಲು ಮೂರನ್ನೂ 0ಯಿಂದ 100ರ ಅಂಕಕ್ಕೆ ಇಳಿಸಿ, ಬಳಿಕ ತೂಕ ಕೊಟ್ಟು ಕೂಡಿಸಬೇಕು. ಇಲ್ಲಿ ಸಕಾಲ ಪೂರೈಕೆಗೆ 40, ತಿರಸ್ಕಾರಕ್ಕೆ 40, ಬೆಲೆಗೆ 20 ಎಂದು ತೂಕ ಇಟ್ಟುಕೊಳ್ಳೋಣ.

ಅಂಕಕ್ಕೆ ಇಳಿಸುವ ಈ ಹಂತದಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಎಲ್ಲರಿಗೂ ಮೊದಲು ಹೊಳೆಯುವ ದಾರಿಯೆಂದರೆ, ಪಟ್ಟಿಯಲ್ಲಿರುವವರ ಪೈಕಿ ಅತ್ಯುತ್ತಮನಿಗೆ 100, ಅತ್ಯಂತ ಹಿಂದುಳಿದವನಿಗೆ 0, ನಡುವಿನವರಿಗೆ ಅನುಪಾತದಂತೆ ಅಂಕ ಕೊಡುವುದು. ಹಾಗೆ ಮಾಡಿದರೆ ಬೀಟೆಗೆ 60, ಹೊನ್ನೆಗೆ 51.7, ನೇರಳೆಗೆ 40 ಬರುತ್ತದೆ. ನೂರಕ್ಕೆ ಐದು ಕಾಸ್ಟಿಂಗ್ ಕೆಡಿಸುವ ಫೌಂಡ್ರಿ ಮೊದಲ ಸ್ಥಾನದಲ್ಲಿ ನಿಲ್ಲುತ್ತದೆ. ಈಗ ಹಲಸು ಎಂಬ ನಾಲ್ಕನೆಯ ಫೌಂಡ್ರಿಯನ್ನು ಪಟ್ಟಿಗೆ ಸೇರಿಸೋಣ: ಸಕಾಲ ಪೂರೈಕೆ 50, ತಿರಸ್ಕಾರ 2, ಬೆಲೆ ವ್ಯತ್ಯಾಸ 0. ಮತ್ತೆ ಲೆಕ್ಕ ಮಾಡಿದರೆ ನೇರಳೆಗೆ 66.7, ಹೊನ್ನೆಗೆ 60.6, ಬೀಟೆಗೆ 60, ಹಲಸಿಗೆ 40. ಮೊದಲಿದ್ದ ಮೂವರ ಕ್ರಮ ಪೂರ್ತಿ ತಲೆಕೆಳಗಾಯಿತು, ಆದರೆ ಅವರಲ್ಲಿ ಯಾರ ಕೆಲಸವೂ ಕೂದಲೆಳೆಯಷ್ಟೂ ಬದಲಾಗಿಲ್ಲ.

ಕಾರಣವನ್ನು ನಿಧಾನವಾಗಿ ನೋಡಬೇಕು. ಮೂವರೇ ಇದ್ದಾಗ ಸಕಾಲ ಪೂರೈಕೆಯ ಅಳತೆಗೋಲು 80ರಿಂದ 95ರವರೆಗೆ ಮಾತ್ರ ಇತ್ತು, ಆದ್ದರಿಂದ 80 ಪಡೆದ ನೇರಳೆಗೆ ಸೊನ್ನೆ ಬಿತ್ತು. ಹಲಸು ಬಂದೊಡನೆ ಅಳತೆಗೋಲು 50ರಿಂದ 95ಕ್ಕೆ ಹಿಗ್ಗಿತು, ಅದೇ 80ಕ್ಕೆ ಈಗ 66.7 ಅಂಕ. ಅಂದರೆ ಈ ವಿಧಾನದಲ್ಲಿ ಒಬ್ಬ ಪೂರೈಕೆದಾರನ ಅಂಕವು ಪಕ್ಕದವನು ಎಷ್ಟು ಕೆಟ್ಟವನು ಎಂಬುದರ ಮೇಲೆ ನಿಂತಿರುತ್ತದೆ. ಇಂಥ ಪಟ್ಟಿಯನ್ನು ಹಿಡಿದು ಕಳೆದ ತ್ರೈಮಾಸಿಕಕ್ಕೂ ಈ ತ್ರೈಮಾಸಿಕಕ್ಕೂ ಹೋಲಿಸುವುದು ಸಾಧ್ಯವೇ ಇಲ್ಲ. ನಿಮ್ಮ ಪಟ್ಟಿಯಲ್ಲಿ ಈ ದೋಷವಿದೆಯೇ ಎಂದು ತಿಳಿಯಲು ಒಂದೊಂದೇ ಸಾಲನ್ನು ಸರದಿಯಂತೆ ಅಳಿಸಿ ನೋಡಿ. ಉಳಿದವರ ಅಂಕ ಕದಲಿದರೆ ದೋಷವಿದೆ.

ಇದಕ್ಕೆ ಪರಿಹಾರವೆಂದರೆ ಅಳತೆಗೋಲಿನ ಎರಡೂ ತುದಿಗಳನ್ನು ಅಂಕಿ ನೋಡುವ ಮೊದಲೇ, ನಮ್ಮ ಘಟಕದ ಅಗತ್ಯದಿಂದ ನಿಗದಿ ಮಾಡುವುದು. ನಮ್ಮ ಉದಾಹರಣೆಯಲ್ಲಿ ಸಕಾಲ ಪೂರೈಕೆ 100 ಇದ್ದರೆ ಪೂರ್ಣಾಂಕ, 60 ಅಥವಾ ಅದಕ್ಕಿಂತ ಕೆಳಗಿದ್ದರೆ ಸೊನ್ನೆ. ತಿರಸ್ಕಾರ 0 ಇದ್ದರೆ ಪೂರ್ಣಾಂಕ, 5 ಅಥವಾ ಮೇಲಿದ್ದರೆ ಸೊನ್ನೆ. ಬೆಲೆ ವ್ಯತ್ಯಾಸ −5 ಇದ್ದರೆ ಪೂರ್ಣಾಂಕ, +5 ಇದ್ದರೆ ಸೊನ್ನೆ. ಹಾಳೆಯಲ್ಲಿ B, C, D ಅಂಕಣಗಳಲ್ಲಿ ಮೂಲ ಅಂಕಿಗಳಿದ್ದರೆ, E, F, G, H, I ಅಂಕಣಗಳಿಗೆ ಕ್ರಮವಾಗಿ ಈ ಸೂತ್ರಗಳು ಸಾಕು.

```
=MAX(0,MIN(100,(B2-60)/40*100))
=MAX(0,MIN(100,(5-C2)/5*100))
=MAX(0,MIN(100,(5-D2)/10*100))
=0.4*E2+0.4*F2+0.2*G2
=RANK(H2,$H$2:$H$5,0)
```

ಇಲ್ಲಿ 90 ಎಂದರೆ 90 ಎಂಬ ಸಂಖ್ಯೆಯೇ ಹೊರತು 90% ಅಲ್ಲ. ಕೋಶವು ಶೇಕಡಾ ರೂಪದಲ್ಲಿದ್ದರೆ ಒಳಗಿರುವುದು 0.9, ಆಗ ಸಕಾಲ ಪೂರೈಕೆಯ ಅಂಕಣವೆಲ್ಲ ಸೊನ್ನೆಯಾಗಿ, ತಿರಸ್ಕಾರದ ಅಂಕಣವೆಲ್ಲ 99ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಹಾಗೆ ಕಂಡರೆ ಬೇರೆಲ್ಲೂ ಹುಡುಕಬೇಡಿ.

| ಸ್ಥಾನ | ಪೂರೈಕೆದಾರ | ಸಕಾಲ | ತಿರಸ್ಕಾರ | ಬೆಲೆ | ಒಟ್ಟು |
|---|---|---|---|---|---|
| 1 | ನೇರಳೆ | 50 | 80 | 30 | 58 |
| 2 | ಹೊನ್ನೆ | 75 | 40 | 40 | 54 |
| 3 | ಬೀಟೆ | 87.5 | 0 | 70 | 49 |
| 4 | ಹಲಸು | 0 | 60 | 50 | 34 |

ಹಲಸನ್ನು ತೆಗೆದರೂ ಮೇಲಿನ ಮೂರು ಸಾಲುಗಳು ಹಾಗೆಯೇ ಇರುತ್ತವೆ.

ಸೂತ್ರ ಸರಿಯಾದ ಮೇಲೆ ಉಳಿಯುವ ಪ್ರಶ್ನೆ, ಮೂಲ ಅಂಕಿ ಎಲ್ಲಿಂದ ಬಂತು ಎಂಬುದು. ನನ್ನ ಅಭಿಪ್ರಾಯದಲ್ಲಿ ಮೂರರಲ್ಲಿ ಅತ್ಯಂತ ಮೋಸಗೊಳಿಸುವುದು ತಿರಸ್ಕಾರದ ಅಂಕಿ. ಕಾಸ್ಟಿಂಗ್ ಒಳಬಂದಾಗ ಪರಿಶೀಲಕರು ನೋಡುವುದು ಹೊರಮೈಯನ್ನು ಮತ್ತು ಅಳತೆಯನ್ನು. ಲೇತಿಗೆ ಕಟ್ಟಿ ಮೇಲಿನ ಒಂದೆರಡು ಮಿಲಿಮೀಟರ್ ಪದರ ಸುಲಿದ ಬಳಿಕವೇ ಒಳಗಿನ ಬ್ಲೋ ಹೋಲ್ ಕಣ್ಣಿಗೆ ಬೀಳುತ್ತದೆ: ನುಣುಪಾಗಿ ಹೊಳೆಯುವ ಮೈಯ ನಡುವೆ ಕಾಳುಮೆಣಸಿನಷ್ಟು ಕಪ್ಪು ಗುಳಿ. ಬೀಟೆ ಕಳುಹಿಸಿದ 3,000 ಕಾಸ್ಟಿಂಗ್‌ಗಳಲ್ಲಿ ಒಳಬರುವಾಗ ತಿರಸ್ಕೃತವಾದವು 36, ಯಂತ್ರದ ಮೇಲೆ ಸಿಕ್ಕಿಬಿದ್ದವು 114 ಎಂದುಕೊಳ್ಳಿ. ಒಟ್ಟು 150, ಅಂದರೆ 5%. ದಾಸ್ತಾನು ವಿಭಾಗದ ಸ್ವೀಕೃತಿ ಚೀಟಿಯಿಂದ ಮಾತ್ರ ಅಂಕಿ ಎತ್ತಿಕೊಂಡಿದ್ದರೆ ಅದು 1.2% ಆಗಿ, ಬೀಟೆಯ ಒಟ್ಟು ಅಂಕ 79.4ಕ್ಕೆ ಏರುತ್ತಿತ್ತು. ಉಳಿದವರ ತಿರಸ್ಕಾರವನ್ನು ಸೊನ್ನೆಯೆಂದೇ ಹಿಡಿದರೂ ಅವರಾರೂ ಆ ಅಂಕ ಮುಟ್ಟುವುದಿಲ್ಲ. ಆದ್ದರಿಂದ ಯಂತ್ರದ ಮೇಲೆ ಕಂಡ ಎರಕದ ದೋಷವನ್ನು ಲಾಟ್ ಸಂಖ್ಯೆ ಹಿಡಿದು ಆಯಾ ಪೂರೈಕೆದಾರನ ಲೆಕ್ಕಕ್ಕೆ ಮರಳಿ ಬರೆಯಬೇಕು. ಹಾಗೆಯೇ ನಮ್ಮ ಕೆಲಸಗಾರರು ತಪ್ಪು ಅಳತೆಗೆ ಕೊರೆದು ಕೆಡಿಸಿದ್ದನ್ನು ಅವನ ತಲೆಗೆ ಕಟ್ಟಬಾರದು.

ಇನ್ನೊಂದು ಎಚ್ಚರವೆಂದರೆ, ಲಾಟ್‌ವಾರು ಶೇಕಡಾವಾರುಗಳ ಸರಾಸರಿ ತೆಗೆಯಬಾರದು. ಹಲಸಿನ ಎರಡು ಲಾಟ್‌ಗಳಲ್ಲಿ ಒಂದು 40ರದ್ದು, ಇನ್ನೊಂದು 960ರದ್ದು, ಎರಡರಲ್ಲಿಯೂ 10 ಹಾಳಾಗಿವೆ ಎಂದರೆ ಶೇಕಡಾವಾರುಗಳು 25 ಮತ್ತು 1.04, ಅವುಗಳ ಸರಾಸರಿ 13. ನಿಜವಾದ ತಿರಸ್ಕಾರವೋ 1,000ಕ್ಕೆ 20, ಅಂದರೆ 2%. ಮೊದಲು ಎಲ್ಲವನ್ನೂ ಕೂಡಿಸಿ, ಆಮೇಲೆ ಭಾಗಿಸಬೇಕು.

ಸಕಾಲ ಪೂರೈಕೆಯನ್ನು ಆದೇಶದ ಪ್ರತಿ ಸಾಲಿಗೆ ಎಣಿಸುವುದು ರೂಢಿ. ಗೇಟಿನಲ್ಲಿ ನಮೂದಾದ ದಿನಾಂಕವನ್ನು ಮೊದಲು ಒಪ್ಪಿದ ದಿನಾಂಕದೊಂದಿಗೆ ಹೋಲಿಸಬೇಕು. ಪೂರೈಕೆದಾರನು ಫೋನಿನಲ್ಲಿ ಕೇಳಿಕೊಂಡನೆಂದು ಆದೇಶದಲ್ಲಿಯೇ ದಿನಾಂಕ ತಿದ್ದಿದರೆ ಎಲ್ಲರೂ ನೂರಕ್ಕೆ ನೂರು ಸಕಾಲದವರಾಗುತ್ತಾರೆ. ಮಲೆನಾಡಿನಲ್ಲಿ ಇದಕ್ಕೆ ಮಳೆಗಾಲದ ಪ್ರಶ್ನೆಯೂ ಸೇರಿಕೊಳ್ಳುತ್ತದೆ. ಹಲಸು ಕರಾವಳಿಯ ಕಡೆಯದು, ಆಗುಂಬೆ ಘಾಟಿಯಲ್ಲಿ ಭಾರಿ ವಾಹನಗಳಿಗೆ ನಿರ್ಬಂಧ ಹಾಕಿದ್ದರಿಂದ ಅದರ 10 ಸಾಲುಗಳಲ್ಲಿ ತಡವಾದ ಐದರಲ್ಲಿ ಮೂರು ಸುತ್ತುದಾರಿಯಲ್ಲಿ ಬಂದವು ಎಂದುಕೊಳ್ಳೋಣ. ಅವನ್ನು ಮನ್ನಿಸಬೇಕೇ? ನಾನು ಮನ್ನಿಸುವುದಿಲ್ಲ. ಘಾಟಿಯ ತೊಂದರೆ ಹೊಸತಲ್ಲ, ಮತ್ತು ಕಾರಣ ಏನೇ ಇದ್ದರೂ ಇಲ್ಲಿ ಯಂತ್ರ ಸುಮ್ಮನೆ ನಿಂತದ್ದು ನಿಂತದ್ದೇ. ಕಾರಣವನ್ನು ಷರಾ ಅಂಕಣದಲ್ಲಿ ಬರೆದು, ಮುಂದಿನ ವರ್ಷ ಮೇ ತಿಂಗಳಲ್ಲಿಯೇ ಹೆಚ್ಚು ದಾಸ್ತಾನು ತರಿಸುವುದು ಸರಿಯಾದ ಕ್ರಮ. ಆದರೂ ಮನ್ನಿಸಿ ಒಮ್ಮೆ ಲೆಕ್ಕ ಮಾಡುವುದು ನ್ಯಾಯ: 7ಕ್ಕೆ 5 ಎಂದರೆ 71.4%, ಒಟ್ಟು ಅಂಕ 45.4. ಆಗಲೂ ಸ್ಥಾನ ನಾಲ್ಕನೆಯದೇ.

ಬೆಲೆ ವ್ಯತ್ಯಾಸಕ್ಕೆ ವಾಸ್ತವವಾಗಿ ತೆತ್ತ ಮೊತ್ತವನ್ನು, ಅದೇ ಪ್ರಮಾಣಕ್ಕೆ ಒಪ್ಪಿದ ದರದಂತೆ ಆಗಬೇಕಿದ್ದ ಮೊತ್ತದಿಂದ ಭಾಗಿಸಿ, 1 ಕಳೆದು, 100ರಿಂದ ಗುಣಿಸಬೇಕು. ಕಚ್ಚಾ ಕಬ್ಬಿಣದ ದರ ಏರಿದಾಗ ಕರಾರಿನಂತೆಯೇ ಬೆಲೆ ಪರಿಷ್ಕರಣೆಯಾಗಿದ್ದರೆ ಒಪ್ಪಿದ ದರವನ್ನೇ ಆ ದಿನದಿಂದ ಬದಲಿಸಬೇಕು, ಇಲ್ಲವಾದರೆ ಕರಾರು ಪಾಲಿಸಿದವನೇ ದಂಡ ತೆರುತ್ತಾನೆ.

ಬೆಲೆಗೆ ಬರೀ 20 ತೂಕ ಏಕೆಂಬುದಕ್ಕೆ ಬೀಟೆಯ ಲೆಕ್ಕವೇ ಉತ್ತರ. ಒಪ್ಪಿದ ದರ ₹250, ಕೊಟ್ಟದ್ದು ₹245. 3,000 ಕಾಸ್ಟಿಂಗ್‌ಗಳಿಗೆ ಉಳಿತಾಯ ₹15,000. ಯಂತ್ರದ ಮೇಲೆ ಹಾಳಾದ 114ಕ್ಕೆ ತಲಾ ₹150ರ ಮಷೀನಿಂಗ್ ವೆಚ್ಚವಾಗಿದ್ದರೆ ನಷ್ಟ ₹17,100. ಕಾಸ್ಟಿಂಗ್‌ನ ಬೆಲೆಯನ್ನು ಡೆಬಿಟ್ ನೋಟ್ ಮೂಲಕ ಹಿಂಪಡೆಯಬಹುದು, ಆದರೆ ವ್ಯಯವಾದ ಯಂತ್ರದ ಗಂಟೆಗಳು ಸಾಮಾನ್ಯವಾಗಿ ಮರಳಿ ಬರುವುದಿಲ್ಲ.

ತೂಕಗಳನ್ನು ಬದಲಿಸಿ ನೋಡಿದಾಗ ಪಟ್ಟಿಯ ಮಿತಿ ಗೋಚರವಾಗುತ್ತದೆ. 50, 30, 20 ಎಂದು ಇಟ್ಟರೆ ಬೀಟೆಗೆ 57.75, ಹೊನ್ನೆಗೆ 57.5, ನೇರಳೆಗೆ 55 ಬಂದು ಬೀಟೆ ಮತ್ತೆ ಮೇಲೇರುತ್ತದೆ. ತಿರಸ್ಕಾರದಲ್ಲಿ ಸೊನ್ನೆ ಪಡೆದವನು ಬೇರೆರಡರ ಬಲದಿಂದ ಗೆಲ್ಲುವುದು ಕೂಡಿಸುವ ವಿಧಾನದ ಸಹಜ ದೋಷ. ಅದಕ್ಕಾಗಿ ತೂಕವನ್ನು ತ್ರೈಮಾಸಿಕದ ಆರಂಭದಲ್ಲಿಯೇ ಬರೆದಿಡಬೇಕು, ಮತ್ತು ಸಕಾಲ ಪೂರೈಕೆ ಅಥವಾ ತಿರಸ್ಕಾರದಲ್ಲಿ ಸೊನ್ನೆ ಬಂದವನನ್ನು ಒಟ್ಟು ಅಂಕ ಎಷ್ಟೇ ಇರಲಿ ಗೆರೆಯ ಕೆಳಗೆ ಇಡಬೇಕು ಎಂಬ ನಿಯಮವನ್ನು ಸೇರಿಸಬೇಕು. ಆಗ ಬೀಟೆ ಮತ್ತು ಹಲಸು ಎರಡೂ ಯಾವ ತೂಕದಲ್ಲಿಯೂ ಗೆರೆಯ ಕೆಳಗೆ ಉಳಿಯುತ್ತವೆ.

ಗೆರೆಯ ಮೇಲಿನ ನೇರಳೆ ಮತ್ತು ಹೊನ್ನೆಗಳ ನಡುವಿನ 4 ಅಂಕಗಳ ಅಂತರವನ್ನು ಎಷ್ಟು ನಂಬಬಹುದು? ನೇರಳೆಯ 25 ಸಾಲುಗಳಲ್ಲಿ 20 ಸಕಾಲಕ್ಕೆ ಬಂದಿದ್ದವು. ಇನ್ನೊಂದೇ ಲಾರಿ ತಡವಾಗಿದ್ದರೆ 19, ಅಂದರೆ 76%; ಆ ಅಳತೆಯ ಅಂಕ 50ರಿಂದ 40ಕ್ಕೆ ಇಳಿದು, ಒಟ್ಟು 54 ಆಗಿ, RANK ಇಬ್ಬರಿಗೂ ಮೊದಲ ಸ್ಥಾನವನ್ನೇ ಕೊಡುತ್ತಿತ್ತು. ಒಂದು ಲಾರಿಯ ಅಂತರದಲ್ಲಿರುವ ಇಬ್ಬರನ್ನು ನಾನು ಸಮಾನರೆಂದೇ ಪರಿಗಣಿಸಿ ಆದೇಶವನ್ನು ಹಂಚುತ್ತೇನೆ. ಹೊನ್ನೆಯೊಂದಿಗೆ ತಿರಸ್ಕಾರದ ಬಗ್ಗೆ, ನೇರಳೆಯೊಂದಿಗೆ ದಿನಾಂಕದ ಬಗ್ಗೆ ಬೇರೆ ಬೇರೆಯಾಗಿ ಮಾತನಾಡುತ್ತೇನೆ.